ಮೊದಲು ಬೆಲೆ, ಆಮೇಲೆ ಮಿಕ್ಸಿ: ಹಿಂದಿನಿಂದ ಹಾಕುವ ವೆಚ್ಚದ ಲೆಕ್ಕ

ಒಂದು ಕಂಪನಿ ಹೊಸ 750 ವ್ಯಾಟ್ ಮಿಕ್ಸಿ ತರಲು ಹೊರಟಿದೆ ಅಂದುಕೊಳ್ಳಿ. ಎಲ್ಲರಿಗೂ ಗೊತ್ತಿರುವ ದಾರಿ ಹೀಗಿರುತ್ತದೆ. ಎಂಜಿನಿಯರುಗಳು ಡಿಸೈನ್ ಮಾಡುತ್ತಾರೆ, ಖರೀದಿ ವಿಭಾಗದವರು ಬಿಡಿಭಾಗಗಳ ರೇಟು ತರುತ್ತಾರೆ, ಅಕೌಂಟ್ಸ್‌ನವರು ಅದನ್ನೆಲ್ಲ ಕೂಡಿಸಿ ಮೇಲೆ ಲಾಭ, ಅಂಗಡಿಯವರ ಕಮಿಷನ್, ಜಿಎಸ್‌ಟಿ ಸೇರಿಸುತ್ತಾರೆ. ಕೊನೆಗೆ ಬಂದ ಬೆಲೆ 3,913 ರೂಪಾಯಿ. ಆದರೆ ಅಂಗಡಿಯಲ್ಲಿ ಅದೇ ತರಹದ ಮಿಕ್ಸಿಗೆ ಜನ 3,499ಕ್ಕಿಂತ ಒಂದು ರೂಪಾಯಿ ಜಾಸ್ತಿ ಕೊಡಲ್ಲ.

ಅಚ್ಚುಗಳೆಲ್ಲ ತಯಾರಾದ ಮೇಲೆ ಇದು ಗೊತ್ತಾದರೆ ಮುಂದೆ ಆಗುವುದು ಏನು ಅಂತ ಊಹಿಸಬಹುದು. ಜಾರಿನ ಸ್ಟೀಲ್ ತೆಳುವಾಗುತ್ತದೆ, ವಯರ್ ಗಿಡ್ಡವಾಗುತ್ತದೆ, ಅಷ್ಟಾದರೂ ಸಾಲದೆ ಲಾಭ ಕರಗುತ್ತದೆ. ಟಾರ್ಗೆಟ್ ಕಾಸ್ಟಿಂಗ್ ಈ ಲೆಕ್ಕವನ್ನು ತಿರುಗಿಸಿ ಹಾಕುತ್ತದೆ. ಮೊದಲು 3,499 ಅಂತ ಬರೆದುಕೊಳ್ಳಬೇಕು. ಅದರಿಂದ ಕಳೆಯುತ್ತಾ ಕಳೆಯುತ್ತಾ ಕೆಳಗೆ ಬರಬೇಕು. ಕೊನೆಗೆ ಉಳಿದದ್ದೇ ಮಿಕ್ಸಿ ಮಾಡಲು ಇರುವ ದುಡ್ಡು. ಡಿಸೈನ್ ಶುರುವಾಗುವುದು ಆಮೇಲೆ.

ಇದನ್ನು ಒಂದು ಪದ್ಧತಿಯಾಗಿ ಬೆಳೆಸಿದವರು ಜಪಾನಿನವರು. 1960ರ ದಶಕದಲ್ಲಿ ಟೊಯೊಟಾದಲ್ಲಿ ಇದು ರೂಪ ಪಡೆಯಿತು, ಅಲ್ಲಿ ಇದಕ್ಕೆ ಗೆಂಕಾ ಕಿಕಾಕು ಅನ್ನುತ್ತಾರೆ. ಪ್ರತಿ ಭಾಗದ ಕೆಲಸ ಕೆಡದಂತೆ ಅದರ ವೆಚ್ಚ ಇಳಿಸುವ ವ್ಯಾಲ್ಯೂ ಎಂಜಿನಿಯರಿಂಗ್ ಅದರೊಳಗಿನ ಮುಖ್ಯ ಹತ್ಯಾರು, ಅದು ಮಾತ್ರ ಅಮೆರಿಕದ್ದು. 1940ರ ದಶಕದಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಲಾರೆನ್ಸ್ ಮೈಲ್ಸ್ ಎಂಬ ಎಂಜಿನಿಯರ್ ಅದನ್ನು ಶುರು ಮಾಡಿದರು. ಯುದ್ಧದ ಕಾಲದಲ್ಲಿ ಕೇಳಿದ ಸಾಮಾನು ಸಿಗದೆ ಬದಲಿ ಸಾಮಾನು ಹುಡುಕಬೇಕಾಗಿತ್ತು. ಹಾಗೆ ಹುಡುಕುವಾಗ ಎಷ್ಟೋ ಸಲ ಬದಲಿಯೇ ಅಗ್ಗವಾಗಿಯೂ ಚೆನ್ನಾಗಿಯೂ ಇರುತ್ತಿತ್ತು. ಇತಿಹಾಸ ಇಷ್ಟು ಸಾಕು, ಲೆಕ್ಕಕ್ಕೆ ಬರೋಣ. ಇಲ್ಲಿರುವ ರೂಪಾಯಿಗಳು ಯಾವ ಕಂಪನಿಯದ್ದೂ ಅಲ್ಲ, ಲೆಕ್ಕ ತೋರಿಸಲು ನಾನೇ ಹಾಕಿಕೊಂಡದ್ದು. ಜಿಎಸ್‌ಟಿ ದರ ಮಾತ್ರ ನಿಜವಾದದ್ದು, ಮಿಕ್ಸಿಗೆ ಶೇ 18.

ಮೊದಲ ಪ್ರಶ್ನೆ, ಆ 3,499 ಎಲ್ಲಿಂದ ಬಂತು? ಡಬ್ಬದ ಮೇಲೆ ಅಚ್ಚಾದ ಎಂಆರ್‌ಪಿಯಿಂದ ಅಂತೂ ಅಲ್ಲ. ನಮ್ಮಲ್ಲಿ ಮಿಕ್ಸಿ ಡಬ್ಬದ ಮೇಲೆ ಐದಾರು ಸಾವಿರ ಅಂತ ಇರುತ್ತದೆ, ಆ ಬೆಲೆಗೆ ಯಾರೂ ಕೊಳ್ಳುವುದಿಲ್ಲ, ಯಾರೂ ಮಾರುವುದೂ ಇಲ್ಲ. ನೋಡಬೇಕಾದದ್ದು ಗಿರಾಕಿ ನಿಜವಾಗಿ ಕೊಟ್ಟು ಹೋಗುವ ಬೆಲೆ, ಅಂಗಡಿಯಲ್ಲೂ ಆನ್‌ಲೈನ್‌ನಲ್ಲೂ. ನಮ್ಮ ಮಿಕ್ಸಿಯ ನೇರ ಎದುರಾಳಿ 3,299ಕ್ಕೆ ಹೋಗುತ್ತಿದೆ ಅಂತಿಟ್ಟುಕೊಳ್ಳಿ. ಅದರಲ್ಲಿಲ್ಲದ ಒಂದು ಸಂಗತಿ ನಮ್ಮದರಲ್ಲಿದೆ. ದೊಡ್ಡ ಜಾರಿನ ಮುಚ್ಚಳಕ್ಕೆ ಲಾಕ್ ಇದೆ, ದೋಸೆ ಹಿಟ್ಟು ರುಬ್ಬುವಾಗ ಕೈಯಿಂದ ಒತ್ತಿ ಹಿಡಿಯುವ ಕೆಲಸ ಇಲ್ಲ. ಆ ಅನುಕೂಲಕ್ಕೆ ಜನ 200 ರೂಪಾಯಿ ಜಾಸ್ತಿ ಕೊಡುತ್ತಾರಾ ಅಂತ ಮಾದರಿ ತೋರಿಸಿ ಕೇಳಿ ನೋಡಬೇಕು. ಕೊಡುತ್ತಾರೆ ಅಂತಾದರೆ 3,499. ನಮ್ಮ ಎಂಜಿನಿಯರುಗಳು ಅದಕ್ಕೆ ಎಷ್ಟು ಕಷ್ಟಪಟ್ಟರು ಅನ್ನುವುದು ಈ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ.

ಈಗ ಮೆಟ್ಟಿಲು ಇಳಿಯೋಣ. ಮೊದಲು ಜಿಎಸ್‌ಟಿ. ಹೊಸಬರು ಇಲ್ಲೇ ಎಡವುತ್ತಾರೆ, 3,499ರಲ್ಲಿ ಶೇ 18 ಅಂದರೆ 630 ಅಂತ ಕಳೆದುಬಿಡುತ್ತಾರೆ. ಆದರೆ ತೆರಿಗೆ ಆ ಬೆಲೆಯ ಒಳಗೇ ಸೇರಿಕೊಂಡಿದೆ, ಹಾಗಾಗಿ 1.18ರಿಂದ ಭಾಗಿಸಬೇಕು. ಬರುವುದು 2,965. ತಪ್ಪು ಲೆಕ್ಕದಲ್ಲಿ 2,869 ಬರುತ್ತದೆ. ಒಂದು ಮಿಕ್ಸಿಗೆ 96 ರೂಪಾಯಿ ಸುಮ್ನೆ ಮಾಯ! ಬಿಡಿಭಾಗ ಕೊಳ್ಳುವಾಗ ಕಟ್ಟಿದ ಜಿಎಸ್‌ಟಿ ಕ್ರೆಡಿಟ್ ಆಗಿ ವಾಪಸ್ ಬರುವುದರಿಂದ ಇನ್ನು ಮುಂದಿನ ಎಲ್ಲಾ ಅಂಕಿಗಳೂ ತೆರಿಗೆ ಬಿಟ್ಟವು.

2,965ರಲ್ಲಿ ಅಂಗಡಿಯವರಿಗೆ ಶೇ 12, ಅಂದರೆ 356. ಉಳಿದದ್ದು 2,609. ಅದರಲ್ಲಿ ಡಿಸ್ಟ್ರಿಬ್ಯೂಟರ್‌ಗೆ ಶೇ 5, ಅಂದರೆ 130. ಕಂಪನಿಯ ಕೈಗೆ ನಿಜವಾಗಿ ಬರುವುದು 2,479. ಇಲ್ಲಿಂದ ಲಾಭ ತೆಗೆದಿಡಬೇಕು, ಅದೂ ಖರ್ಚು ನೋಡುವುದಕ್ಕೆ ಮುಂಚೆಯೇ. ಶೇ 10 ಅಂತ ಹಿಡಿದರೆ 248. ಈಗ ಉಳಿದದ್ದು 2,231. ಎಲ್ಲಾ ಖರ್ಚೂ ಇದರೊಳಗೇ ಮುಗಿಯಬೇಕು. ಇದೇ ನಮ್ಮ ವೆಚ್ಚದ ಮಿತಿ.

ಲಾಭವನ್ನು ಮೊದಲೇ ತೆಗೆದಿಡುವುದು ದುರಾಸೆ ಅನ್ನಿಸಬಹುದು. ಅದು ಹಾಗಲ್ಲ. ಕೊನೆಯಲ್ಲಿ ಉಳಿದದ್ದೇ ಲಾಭ ಅಂತ ಬಿಟ್ಟರೆ ಪ್ರತಿ ವಿಭಾಗದವರೂ ತಮ್ಮ ಖರ್ಚನ್ನು ಅಲ್ಲಿಂದಲೇ ತೆಗೆದುಕೊಳ್ಳುತ್ತಾರೆ, ಯಾಕೆಂದರೆ ಅದನ್ನು ಕಾಯುವವರು ಮೀಟಿಂಗಿನಲ್ಲಿ ಯಾರೂ ಇರುವುದಿಲ್ಲ.

2,231 ಪೂರ್ತಿ ಕಾರ್ಖಾನೆಗೆ ಸಿಗುವುದಿಲ್ಲ. ಸಾಗಣೆಗೆ 50, ಜಾಹೀರಾತು ಮತ್ತು ಹಬ್ಬದ ಸ್ಕೀಮುಗಳಿಗೆ 210, ಎರಡು ವರ್ಷದ ವಾರಂಟಿಗೆ 55, ಆಫೀಸಿನ ಖರ್ಚಿಗೆ 130, ಅಚ್ಚು ಮತ್ತು ಡಿಸೈನ್ ಖರ್ಚಿಗೆ 65. ಒಟ್ಟು 510. ಅಚ್ಚಿನ ಲೆಕ್ಕ ಸ್ವಲ್ಪ ಗಮನಿಸಿ. ಅಚ್ಚು, ಪರೀಕ್ಷೆ, ಮಾದರಿ ಎಲ್ಲ ಸೇರಿ 1.95 ಕೋಟಿ, ಒಟ್ಟು 3 ಲಕ್ಷ ಮಿಕ್ಸಿ ಮಾರುತ್ತೇವೆ ಅನ್ನುವ ಅಂದಾಜು, ಅದಕ್ಕೇ ಒಂದಕ್ಕೆ 65. ಒಂದೂವರೆ ಲಕ್ಷವೇ ಮಾರಾಟವಾದರೆ ಇದೇ 130 ಆಗುತ್ತದೆ. ಈ 65ರ ಬಗ್ಗೆ ಮಾರ್ಕೆಟಿಂಗ್‌ನವರು ಎಷ್ಟು ಗಟ್ಟಿ ಮಾತಾಡುತ್ತಾರೋ ಅಷ್ಟೇ ಗಟ್ಟಿ ನಿಮ್ಮ ಇಡೀ ಲೆಕ್ಕ.

510 ಕಳೆದರೆ 1,721. ಸಾಮಾನು, ಜೋಡಣೆ, ಟೆಸ್ಟಿಂಗ್, ಪ್ಯಾಕಿಂಗ್ ಎಲ್ಲ ಇದರಲ್ಲಿ ಆಗಬೇಕು.

ಈಗ ಎಂಜಿನಿಯರುಗಳನ್ನು ಕೇಳಬೇಕು, ನಿಮಗೆ ಇವತ್ತು ಗೊತ್ತಿರುವ ರೀತಿಯಲ್ಲೇ ಮಾಡಿದರೆ ಎಷ್ಟಾಗುತ್ತದೆ? ಮೋಟಾರ್ 640, ಮೂರು ಜಾರುಗಳು 560, ಬಾಡಿ 260, ಸ್ವಿಚ್ಚು ವಯರು ಇತ್ಯಾದಿ 190, ಪ್ಯಾಕಿಂಗ್ 95, ಜೋಡಣೆ ಮತ್ತು ಟೆಸ್ಟಿಂಗ್ 240. ಒಟ್ಟು 1,985. ಅಂದರೆ 264 ರೂಪಾಯಿ ಜಾಸ್ತಿ. ಆರಂಭದ 3,913 ಹುಟ್ಟಿದ್ದೂ ಇಲ್ಲಿಂದಲೇ. ಕಾರ್ಖಾನೆಯ 264 ರೂಪಾಯಿ ಲಾಭ, ಕಮಿಷನ್, ತೆರಿಗೆಗಳನ್ನು ಹತ್ತಿಕೊಂಡು ಅಂಗಡಿ ತಲುಪುವ ಹೊತ್ತಿಗೆ 414 ಆಗಿರುತ್ತದೆ.

264ನ್ನು ಎಲ್ಲಿ ಇಳಿಸುವುದು? ಎಲ್ಲಾ ಕಡೆ ಶೇ 13 ಕತ್ತರಿಸಿ ಅಂತ ಆರ್ಡರ್ ಹೊರಡಿಸುವುದು ಸುಲಭ. ಆದರೆ ಅದು ಕೆಲಸಕ್ಕೆ ಬಾರದ ದಾರಿ. ಗಿರಾಕಿಗೆ ಬೇಕಾದದ್ದಕ್ಕೂ ಬೇಡದ್ದಕ್ಕೂ ಒಂದೇ ಕತ್ತರಿ ಬೀಳುತ್ತದೆ. ಅದರ ಬದಲು, ಜನ ಮಿಕ್ಸಿಯಿಂದ ಏನು ಕೆಲಸ ಬಯಸುತ್ತಾರೆ, ಯಾವುದಕ್ಕೆ ಎಷ್ಟು ತೂಕ ಕೊಡುತ್ತಾರೆ ಅಂತ ಮೊದಲು ಬರೆದುಕೊಳ್ಳಬೇಕು. ನೆನೆಸಿದ ಉದ್ದಿನಬೇಳೆ ನುಣ್ಣಗಾಗಬೇಕು. ಸಾರಿನ ಪುಡಿಗೆ ಹುರಿದ ಮೆಣಸಿನಕಾಯಿ, ಕೊಬ್ಬರಿ ಹಾಕಿದಾಗ ಮೋಟಾರ್ ನಿಲ್ಲಬಾರದು. ಜಾರಿನ ಅಡಿಯಿಂದ ನೀರು ಸೋರಬಾರದು. ಸದ್ದು ಕಡಿಮೆ ಇರಲಿ. ನೋಡಲು ಚೆನ್ನಾಗಿರಲಿ. ಆಮೇಲೆ ಪ್ರತಿ ಕೆಲಸವನ್ನು ಯಾವ ಭಾಗ ಎಷ್ಟು ಮಟ್ಟಿಗೆ ಮಾಡುತ್ತದೆ ಅಂತ ಹಂಚಬೇಕು.

ಹೀಗೆ ಹಂಚಿದಾಗ ನಮ್ಮ ಉದಾಹರಣೆಯಲ್ಲಿ ಬಂದದ್ದು ಇದು. ಮೋಟಾರ್ ತಿನ್ನುವುದು ವೆಚ್ಚದ ಶೇ 32, ಗಿರಾಕಿಯ ದೃಷ್ಟಿಯಲ್ಲಿ ಅದರ ತೂಕ ಶೇ 38. ಅಂದರೆ ಮೋಟಾರು ತನ್ನ ದುಡ್ಡಿಗಿಂತ ಜಾಸ್ತಿಯೇ ದುಡಿಯುತ್ತಿದೆ. ಬಾಡಿ ತಿನ್ನುವುದು ಶೇ 13, ಅದರ ತೂಕ ಶೇ 9 ಮಾತ್ರ. ಹುಡುಕುವುದನ್ನು ಬಾಡಿಯಿಂದ ಶುರು ಮಾಡಬೇಕು ಅಂತ ಇದರ ಅರ್ಥ. ಈ ಶೇಕಡಾ ಅಂಕಿಗಳನ್ನು ದೇವರ ವಾಕ್ಯ ಮಾಡಿಕೊಳ್ಳಬೇಡಿ. ಓವರ್‌ಲೋಡ್ ಆದಾಗ ಮೋಟಾರನ್ನು ಆಫ್ ಮಾಡುವ ಆ ಚಿಕ್ಕ ಕೆಂಪು ಬಟನ್ನನ್ನು ಗಿರಾಕಿ ಯಾವತ್ತೂ ಕೇಳುವುದಿಲ್ಲ, ತೂಕ ಸೊನ್ನೆ ಬರುತ್ತದೆ. ಹಾಗಂತ ತೆಗೆದರೆ ಮೋಟಾರ್ ಸುಡುತ್ತದೆ. ಸುರಕ್ಷತೆ ಮತ್ತು ಬಿಐಎಸ್ ನಿಯಮಗಳಿಗೆ ಬೇಕಾದ ಭಾಗಗಳನ್ನು ಈ ಹೋಲಿಕೆಯಿಂದ ಹೊರಗಿಟ್ಟೇ ಲೆಕ್ಕ ಹಾಕಬೇಕು.

ಬಾಡಿಯನ್ನು ಬಿಚ್ಚಿ ನೋಡಿದರೆ ಎರಡು ತುಂಡು, ಮೇಲೆ ಪೇಂಟು, ಸುತ್ತ ಕ್ರೋಮ್ ಹಚ್ಚಿದ ಬಳೆ. ಪ್ಲಾಸ್ಟಿಕ್ ಹರಳಿನಲ್ಲೇ ಬಣ್ಣ ಬೆರೆಸಿ, ಬಳೆ ತೆಗೆದು, ಒಂದೇ ತುಂಡಾಗಿ ಅಚ್ಚು ಹೊಡೆದರೆ 62 ಉಳಿಯುತ್ತದೆ. ಪೇಂಟು ಹೋದರೆ ಪೇಂಟು ಕೆಟ್ಟು ವಾಪಸ್ ಬರುವ ಬಾಡಿಗಳೂ ಹೋದವು. ಜಾರುಗಳಲ್ಲಿ ದೊಡ್ಡದಕ್ಕೂ ನಡುವಿನದಕ್ಕೂ ಬೇರೆ ಬೇರೆ ಹಿಡಿ, ಬೇರೆ ಬೇರೆ ಅಡಿಭಾಗ ಇತ್ತು. ಎರಡಕ್ಕೂ ಒಂದೇ ಇಟ್ಟರೆ 48. ಸ್ಟೀಲಿನ ದಪ್ಪ ಮುಟ್ಟಲಿಲ್ಲ, ಅದನ್ನು ಗಮನಿಸಿ. ಜೋಡಣೆಯಲ್ಲಿ 14 ಸ್ಕ್ರೂಗಳಿದ್ದವು. ಕೆಲವು ಕಡೆ ಒತ್ತಿದರೆ ಕೂರುವ ಕ್ಲಿಪ್ ಕೊಟ್ಟು ಅದನ್ನು 8ಕ್ಕೆ ಇಳಿಸಿದರೆ, ಜೊತೆಗೆ ವಯರಿಂಗ್ ದಾರಿ ಸರಳ ಮಾಡಿದರೆ, 40 ಉಳಿಯುತ್ತದೆ. ಇದು ಅಚ್ಚು ಮಾಡುವುದಕ್ಕೆ ಮುಂಚೆ ಕಾಗದದ ಮೇಲೆ ಗೆರೆ ಬದಲಿಸುವ ಕೆಲಸ. ಅಚ್ಚಾದ ಮೇಲೆ ಇದೇ ಕ್ಲಿಪ್ ಬೇಕೆಂದರೆ ಸ್ಟೀಲ್ ಕೊರೆಯಬೇಕು, ಲಕ್ಷಗಟ್ಟಲೆ ಬಿಲ್ಲು ಬರುತ್ತದೆ.

ಮೋಟಾರಿನ ಶಕ್ತಿ ಹಾಗೇ ಇಟ್ಟು, ಈಗಾಗಲೇ ಮಾರುತ್ತಿರುವ ಇನ್ನೊಂದು ಮಾಡೆಲ್ಲಿನ ಲ್ಯಾಮಿನೇಷನ್ ಪಟ್ಟಿಗಳನ್ನೇ, ಅಂದರೆ ಮೋಟಾರಿನೊಳಗೆ ಒಂದರ ಮೇಲೊಂದು ಜೋಡಿಸುವ ತೆಳು ಸ್ಟೀಲ್ ಹಾಳೆಗಳನ್ನೇ, ಬಳಸಿದರೆ ದೊಡ್ಡ ಆರ್ಡರಿನ ರೇಟು ಸಿಗುತ್ತದೆ, 35. ಪ್ಯಾಕಿಂಗಿನಲ್ಲಿ ಥರ್ಮಾಕೋಲ್ ಬಿಟ್ಟು ಕಾಗದದ ತಿರುಳಿನ ತಟ್ಟೆ ಹಾಕಿದರೆ 22, ಡಬ್ಬವೂ ಸಣ್ಣದಾಗುತ್ತದೆ, ಲಾರಿಗೆ ಜಾಸ್ತಿ ಡಬ್ಬ ಹಿಡಿಯುತ್ತದೆ, ಸಾಗಣೆ 50ರಿಂದ 42ಕ್ಕೆ ಇಳಿಯುತ್ತದೆ. ಆ 8 ರೂಪಾಯಿ ಪ್ಯಾಕಿಂಗ್ ವಿಭಾಗದ ಪುಸ್ತಕದಲ್ಲಿ ಎಲ್ಲೂ ಕಾಣುವುದಿಲ್ಲ. ಅದಕ್ಕೇ ಡಿಸೈನ್, ಖರೀದಿ, ಸಾಗಣೆ, ಸರ್ವಿಸ್‌ನವರು ಒಂದೇ ಮೇಜಿಗೆ ಕೂರಬೇಕು ಅನ್ನುವುದು.

ಕೊನೆಯದು ಸಪ್ಲೈಯರ್. ಸ್ವಿಚ್ಚಿನವರಿಗೆ ಫೋನ್ ಮಾಡಿ ಶೇ 15 ಇಳಿಸಿ ಅಂತ ಒತ್ತಡ ಹಾಕುವುದಕ್ಕೆ ಟಾರ್ಗೆಟ್ ಕಾಸ್ಟಿಂಗ್ ಅಂತ ಹೆಸರಿಡುವ ಕಂಪನಿಗಳಿವೆ. ಅದು ಬರೀ ಚೌಕಾಸಿ. ಸಪ್ಲೈಯರ್ ಮೊದಲ ಲಾಟಿನಲ್ಲಿ ಒಪ್ಪುತ್ತಾರೆ, ಮೂರನೇ ಲಾಟಿನಲ್ಲಿ ಒಳಗಿನ ಹಿತ್ತಾಳೆ ತೆಳುವಾಗಿರುತ್ತದೆ. ಸರಿಯಾದ ರೀತಿ ಬೇರೆ. ಈ ಸ್ವಿಚ್ಚು ಇಷ್ಟರಲ್ಲಿ ಬರಬೇಕು, ನಮ್ಮ ಡ್ರಾಯಿಂಗಿನಲ್ಲಿ ನಿಮಗೆ ದುಬಾರಿ ಬೀಳುವುದು ಏನು ಅಂತ ಕೇಳಬೇಕು. ನಾವು ಹಾಕಿದ ಒಂದು ವಿಶೇಷ ಅಳತೆಯ ಸ್ವಿಚ್ಚಿನ ಕಡ್ಡಿ ಅವರಿಗೆ ಬೇರೆ ಮೆಷಿನ್ ಸೆಟ್ಟಿಂಗ್ ಬೇಡುತ್ತಿತ್ತು ಅಂತಿರಲಿ. ಅವರ ಮಾಮೂಲಿ ಅಳತೆಗೆ ನಾವೇ ಹೊಂದಿಕೊಂಡರೆ 30 ಇಳಿಯುತ್ತದೆ, ಅವರ ಲಾಭವೂ ಕೆಡುವುದಿಲ್ಲ.

ಎಲ್ಲ ಕೂಡಿಸಿದರೆ 237. ಸಾಗಣೆಯ 8 ಉಳಿದದ್ದರಿಂದ ಕಾರ್ಖಾನೆಯ ಮಿತಿ 1,729ಕ್ಕೆ ಏರಿತು. ಇನ್ನೂ 19 ರೂಪಾಯಿ ಬಾಕಿ.

ಸರಿಯಾಗಿ ಈ ಹೊತ್ತಿಗೆ ಯಾರೋ ಒಬ್ಬರು ಅಲ್ಯೂಮಿನಿಯಂ ವೈಂಡಿಂಗ್ ಮಾತು ತೆಗೆಯುತ್ತಾರೆ. ತಾಮ್ರ ಬಿಟ್ಟು ಅಲ್ಯೂಮಿನಿಯಂ ಸುತ್ತಿದರೆ ಒಂದೇ ಏಟಿಗೆ 70 ರೂಪಾಯಿ ಉಳಿಯುತ್ತದೆ, ಹೊರಗಿನಿಂದ ಯಾರಿಗೂ ಕಾಣಲ್ಲ. ಕೇಳಲು ಚೆನ್ನಾಗಿದೆ ಅಲ್ವಾ? ಆದರೆ ಅಲ್ಯೂಮಿನಿಯಂ ವಿದ್ಯುತ್ತಿಗೆ ಒಡ್ಡುವ ತಡೆ ತಾಮ್ರಕ್ಕಿಂತ ಸುಮಾರು 1.6 ಪಟ್ಟು. ಅಷ್ಟೇ ಕರೆಂಟು ಅಷ್ಟೇ ಬಿಸಿಯಲ್ಲಿ ಹರಿಯಬೇಕೆಂದರೆ ತಂತಿ ದಪ್ಪವಾಗಬೇಕು, ದಪ್ಪ ತಂತಿಗೆ ಜಾಗ ಬೇಕು, ಜಾಗ ಬೇಕೆಂದರೆ ಮೋಟಾರು ದೊಡ್ಡದಾಗಬೇಕು. ಅದೇ ಅಳತೆಯಲ್ಲಿ ತುರುಕಿದರೆ ಬೇಗ ಬಿಸಿಯಾಗುತ್ತದೆ. ಸಾರಿನ ಪುಡಿ ಮಾಡುವ ಮನೆಯಲ್ಲಿ ಅದು ಎಷ್ಟು ದಿನ ಬಾಳುತ್ತದೆ ಹೇಳಿ.

ಇದನ್ನು ವಾರಂಟಿ ಲೆಕ್ಕಕ್ಕೆ ತಂದು ನೋಡಿ. ನಾವು 55 ರೂಪಾಯಿ ಇಟ್ಟದ್ದು, ನೂರಕ್ಕೆ ಹತ್ತು ಮಿಕ್ಸಿ ರಿಪೇರಿಗೆ ಬರುತ್ತವೆ, ಒಂದಕ್ಕೆ 550 ಖರ್ಚು ಅನ್ನುವ ಅಂದಾಜಿನಲ್ಲಿ. ಅಲ್ಯೂಮಿನಿಯಂನಿಂದ ಇನ್ನೂ ಹತ್ತು ಮಿಕ್ಸಿಗಳ ಮೋಟಾರ್ ಸುಟ್ಟು, ಅದನ್ನು ಬದಲಿಸಲು ತಲಾ 900 ಬಿದ್ದರೆ, ಪ್ರತಿ ಮಿಕ್ಸಿಯ ಮೇಲೆ 90 ರೂಪಾಯಿ ಹೆಚ್ಚುವರಿ. 70 ಉಳಿಸಲು ಹೋಗಿ 90 ಕಳೆದುಕೊಂಡಂತೆ. ಕೆಟ್ಟ ಸಂಗತಿ ಏನೆಂದರೆ 70ರ ಉಳಿತಾಯ ಈ ವರ್ಷ ಖರೀದಿ ವಿಭಾಗದ ಸಾಧನೆಯಾಗಿ ಕಾಣುತ್ತದೆ, 90ರ ಏಟು ಮುಂದಿನ ವರ್ಷ ಸರ್ವಿಸ್ ವಿಭಾಗದ ತಲೆನೋವಾಗಿ ಕಾಣುತ್ತದೆ. ಎರಡನ್ನೂ ಒಂದೇ ಹಾಳೆಯಲ್ಲಿ ನೋಡುವವರು ಇಲ್ಲದಿದ್ದರೆ ಅಲ್ಯೂಮಿನಿಯಂ ಗೆಲ್ಲುತ್ತದೆ.

ಹಾಗಾದರೆ 19? ಡಬ್ಬದಲ್ಲಿ ಕೊಡುವ ಪ್ಲಾಸ್ಟಿಕ್ ಸೌಟು ಮತ್ತು ಅಡುಗೆ ಪುಸ್ತಕವನ್ನು ತೆಗೆದರೆ 9 ಹೋಗುತ್ತದೆ, ಅದಕ್ಕಾಗಿ ಯಾರೂ ಮಿಕ್ಸಿ ಬಿಟ್ಟು ಹೋಗಲ್ಲ. ಉಳಿದ 10ಕ್ಕೆ ಇವತ್ತು ಯಾರ ಹತ್ತಿರವೂ ಉತ್ತರ ಇಲ್ಲ ಅಂದುಕೊಳ್ಳಿ. ಆಗ ಎರಡು ಅಂಕಿಗಳನ್ನು ಬೇರೆ ಬೇರೆ ಬರೆದಿಡಬೇಕು. ಮಾರುಕಟ್ಟೆ ಬಿಡುವ ಮಿತಿ 1,729. ನಾವು ನಿಜವಾಗಿ ಮುಟ್ಟಬಲ್ಲ ಗುರಿ 1,739. ನಡುವಿನ 10 ರೂಪಾಯಿಯನ್ನು ಉತ್ಪಾದನೆ ಶುರುವಾದ ಮೊದಲ ವರ್ಷದಲ್ಲಿ, ವೇಸ್ಟೇಜ್ ಇಳಿಸಿ, ಲೈನಿನ ವೇಗ ಹೆಚ್ಚಿಸಿ ತೆಗೆಯುತ್ತೇವೆ ಅಂತ ಹೆಸರು ಹಾಕಿ ಒಪ್ಪಿಸಬೇಕು. ಮಾಡಬಾರದ ಕೆಲಸ ಅಂದರೆ ಮಿತಿಯನ್ನೇ 1,739 ಅಂತ ತಿದ್ದಿ ಸುಮ್ಮನಾಗುವುದು. ಒಂದು ಸಲ ತಿದ್ದಿದವರಿಗೆ ಎರಡನೇ ಸಲ ತಿದ್ದುವುದು ಕಷ್ಟವಲ್ಲ, ಆಮೇಲೆ ಅದು ಹಳೆಯ ಪದ್ಧತಿಯೇ, ಹೆಸರು ಮಾತ್ರ ಹೊಸದು.

ಅಂತರ 10 ಇದ್ದಾಗ ಹೀಗೆ. 150 ಇದ್ದರೆ? ಆಗ ಬಿಡಿಭಾಗ ಕೆರೆಯುವುದು ಬಿಟ್ಟು ಇಡೀ ಕಲ್ಪನೆಯನ್ನೇ ಬದಲಿಸಬೇಕು, ಇಲ್ಲವೇ ಕೈಬಿಡಬೇಕು. ಗೋದ್ರೆಜ್‌ನವರ ಛೋಟುಕೂಲ್ ಇದಕ್ಕೆ ಒಳ್ಳೆಯ ಉದಾಹರಣೆ. 2010ರ ಸುಮಾರಿಗೆ ಬಂದ ಪುಟ್ಟ ತಂಪುಪೆಟ್ಟಿಗೆ ಅದು, ಬೆಲೆ ಮೂರೂವರೆ ಸಾವಿರದ ಆಸುಪಾಸು. ಆ ಬೆಲೆಯಲ್ಲಿ ಮಾಮೂಲಿ ಫ್ರಿಜ್ಜನ್ನು ಎಷ್ಟು ಸಣ್ಣದು ಮಾಡಿದರೂ ಆಗುತ್ತಿರಲಿಲ್ಲ, ಯಾಕೆಂದರೆ ಕಂಪ್ರೆಸರ್ ಒಂದೇ ದುಡ್ಡಿನ ದೊಡ್ಡ ಪಾಲು ನುಂಗುತ್ತದೆ. ಅವರು ಕಂಪ್ರೆಸರನ್ನೇ ತೆಗೆದರು. ಅದರ ಜಾಗದಲ್ಲಿ ವಿದ್ಯುತ್ ಹರಿದಾಗ ಒಂದು ಬದಿ ತಣ್ಣಗಾಗುವ ಎಲೆಕ್ಟ್ರಾನಿಕ್ ಚಿಪ್, ಒಂದು ಫ್ಯಾನು. ಬಾಗಿಲನ್ನು ಮೇಲಕ್ಕೆ ಇಟ್ಟರು, ತೆರೆದಾಗ ತಂಪು ಗಾಳಿ ಕೆಳಗೆ ಸುರಿದು ಹೋಗುವುದಿಲ್ಲ. ಆದರೆ ಇದರಲ್ಲಿ ಐಸ್ ಆಗುವುದಿಲ್ಲ. ಹಾಲು, ತರಕಾರಿ, ನೀರು ತಂಪಾಗಿದ್ದರೆ ಸಾಕು ಅನ್ನುವವರಿಗೆ ಮಾತ್ರ ಅದು ಸರಿ. ಹಳ್ಳಿ ಮನೆಗಳಿಗೆಂದು ಮಾಡಿದ್ದು ಅಲ್ಲಿ ಅಂದುಕೊಂಡಷ್ಟು ಹೋಗಲಿಲ್ಲ, ವೆಚ್ಚದ ಗುರಿ ಮುಟ್ಟಿದರೆ ಮಾರಾಟವೂ ಆಗೇ ಆಗುತ್ತದೆ ಅನ್ನುವ ಖಾತ್ರಿ ಇಲ್ಲ. ಕಂಪ್ರೆಸರ್ ತೆಗೆದದ್ದು ಸರಿಯಾದ ಎಂಜಿನಿಯರಿಂಗ್ ಅಂತಲೇ ನನ್ನ ಅಭಿಪ್ರಾಯ. ಬೆಲೆ ಮತ್ತು ಬೇಡಿಕೆಯ ಅಂದಾಜು ಬೇರೆ ಪ್ರಶ್ನೆ.

ಮತ್ತೆ ಮಿಕ್ಸಿಗೆ ಬಂದರೆ, ಎಲ್ಲ ಸರಿಹೋಯಿತು ಅನ್ನುವಾಗ ಹಬ್ಬದ ಸೀಸನ್‌ಗೆ ಮುಂಚೆ ಎದುರಾಳಿ ಬೆಲೆ ಇಳಿಸಿದ ಅಂತಿಟ್ಟುಕೊಳ್ಳಿ, ನಾವೂ 3,199ಕ್ಕೆ ಬರಬೇಕು. ಅಂಗಡಿಯಲ್ಲಿ 300 ಇಳಿದರೆ ನಮ್ಮ ಮಿತಿ ಪೂರ್ತಿ 300 ಇಳಿಯುವುದಿಲ್ಲ, ತೆರಿಗೆ, ಕಮಿಷನ್, ಲಾಭ ಎಲ್ಲವೂ ಸ್ವಲ್ಪ ಸ್ವಲ್ಪ ಹೊರುತ್ತವೆ. ಆದರೂ 191 ಇಳಿಯುತ್ತದೆ. ಇಷ್ಟು ಕಷ್ಟಪಟ್ಟು ಮುಚ್ಚಿದ 264ರ ಜೊತೆ ಇನ್ನೊಂದು 191. ಅಚ್ಚುಗಳಾದ ಮೇಲೆ ಇದನ್ನು ಡಿಸೈನಿನಿಂದ ತೆಗೆಯಲು ಆಗುವುದಿಲ್ಲ. ಅದಕ್ಕೇ ಅಚ್ಚಿಗೆ ಆರ್ಡರ್ ಕೊಡುವ ಹಿಂದಿನ ವಾರ ಮಾರುಕಟ್ಟೆ ಬೆಲೆಯನ್ನು ಇನ್ನೊಮ್ಮೆ ಹೋಗಿ ನೋಡಬೇಕು, ಆರು ತಿಂಗಳ ಹಿಂದಿನ ಹಾಳೆಯನ್ನು ನಂಬಿ ಸಹಿ ಹಾಕಬಾರದು. ತಾಮ್ರದ ರೇಟಿಗೂ ಇದೇ ಮಾತು. ಮೋಟಾರಿನಲ್ಲಿ 350 ಗ್ರಾಂ ತಾಮ್ರ ಇದ್ದು, ಕೆಜಿಗೆ 100 ರೂಪಾಯಿ ಏರಿದರೆ, ಲ್ಯಾಮಿನೇಷನ್ನಿನಲ್ಲಿ ಉಳಿಸಿದ ಆ 35 ಅಲ್ಲಿಗೇ ಹೋಯಿತು.

ಒಂದು ಕಂಪನಿಯಲ್ಲಿ ಇದು ನಿಜವಾಗಿ ನಡೆಯುತ್ತಿದೆಯಾ, ಬರೀ ಕಾಗದದಲ್ಲಿದೆಯಾ ಅಂತ ತಿಳಿಯಲು ನಾನು ಕೇಳುವ ಪ್ರಶ್ನೆಗಳು ಇವು. ಡಿಸೈನ್ ವಿಮರ್ಶೆಯ ಮೀಟಿಂಗಿನಲ್ಲಿ ಪ್ರತಿ ಭಾಗದ ಇವತ್ತಿನ ಅಂದಾಜು ಎಂಜಿನಿಯರಿಗೆ ಬಾಯಲ್ಲಿರುತ್ತದೆಯಾ, ಇಲ್ಲ ಅಕೌಂಟ್ಸ್‌ನವರು ಬರಲಿ ಅನ್ನುತ್ತಾರಾ? ಮಿತಿ ಮೀರಿದ ಕಾರಣಕ್ಕೆ ಈ ಹಿಂದೆ ಒಂದಾದರೂ ಮಾಡೆಲ್ ನಿಂತಿದೆಯಾ? ಮತ್ತು ಮಾರಾಟ ಶುರುವಾಗಿ ಒಂದು ವರ್ಷದ ಮೇಲೆ ನಿಜವಾದ ವೆಚ್ಚವನ್ನು, ವಾರಂಟಿ ಸಮೇತ, ಆ ಮೊದಲ ಹಾಳೆಯ ಪಕ್ಕದಲ್ಲಿಟ್ಟು ಯಾರಾದರೂ ನೋಡಿದ್ದಾರಾ? ಮೂರನೆಯದಕ್ಕೆ ಹೌದು ಅನ್ನುವ ಉತ್ತರ ಸಿಗುವುದು ಅಪರೂಪ, ಯಾಕೆಂದರೆ ಅಷ್ಟರಲ್ಲಿ ಆ ತಂಡದ ಅರ್ಧ ಜನ ಮುಂದಿನ ಮಾಡೆಲ್ಲಿಗೆ ಹೋಗಿರುತ್ತಾರೆ.